ಮೊಮ್ಮಗಳ ಆರು ಲೋಟ ಟೊಮೆಟೊ

ಒಂಬತ್ತು ತುಂಬಿದ ದಿನ ನನ್ನ ಮೊಮ್ಮಗಳು ನಾಯಿಮರಿ ಕೇಳಿದಳು. ಅವಳಮ್ಮ, ಅಂದರೆ ನನ್ನ ಸೊಸೆ, ಬಣ್ಣದ ಕಾಗದ ಸುತ್ತಿದ ಒಂದು ಡಬ್ಬಿ ಕೊಟ್ಟಳು. ಮಗು ಡಬ್ಬಿಗೆ ಕಿವಿಯಿಟ್ಟು ಆಲಿಸಿತು. ಒಳಗೆ ಇದ್ದದ್ದು ಟೊಮೆಟೊ ಬೀಜದ ಪೊಟ್ಟಣ, ಆರು ಲೋಟ, ನೀರು ಚಿಮುಕಿಸುವ ಬಾಟಲಿ, ಮತ್ತೆ ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಒಂದು ಇಟ್ಟಿಗೆ.

"ಇದು ಹೂ ಬಿಡೋ ತನಕ ನೀನೇ ನೋಡ್ಕೋಬೇಕು. ನೋಡ್ಕೊಂಡ್ರೆ ನಾಯಿಮರಿ. ಯಾರೂ ನೀರು ಹಾಕಂಗಿಲ್ಲ, ಯಾರೂ ನೆನಪು ಮಾಡಂಗಿಲ್ಲ," ಎಂದಳು ಸೊಸೆ. ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ನಿಮಗೂ ಸೇರಿಸೇ ಹೇಳ್ತಿರೋದು," ಎಂದಳು.

ನನಗೆ ಹೇಳಬೇಕಿತ್ತೇ? ಈಗ ನಮ್ಮ ಮೂರು ಮಹಡಿ ಮನೆ ನಿಂತಿದೆಯಲ್ಲ, ನಮ್ಮೂರು ಹೂಡಿಯ ಇದೇ ಮಣ್ಣಿನಲ್ಲಿ ಇಪ್ಪತ್ತು ವರ್ಷ ಸೊಪ್ಪು, ಟೊಮೆಟೊ, ಬದನೆ ಬೆಳೆದವಳು ನಾನು. ಓದಿದ್ದು ಮೂರನೇ ಕ್ಲಾಸು. ಆದರೆ ಪಾತಿಯ ಬಣ್ಣ ನೋಡಿ ನೀರು ಬೇಕೋ ಬೇಡವೋ ಎಂದು ದಾರಿಯಲ್ಲಿ ನಿಂತೇ ಹೇಳುತ್ತಿದ್ದೆ. ಅಂಥವಳನ್ನು ಆರು ಲೋಟದಿಂದ ದೂರ ಇಡುವುದೆಂದರೆ ನನಗೆ ಮೈಯೆಲ್ಲ ಉರಿ.

ಯಾವ ನಾಯಿಮರಿ ಎನ್ನುವುದೂ ಗೊತ್ತಾಗಿಹೋಗಿತ್ತು. ನಮ್ಮ ಬೀದಿ ಕೊನೆಯ ಹಿಟ್ಟಿನ ಮಿಲ್ಲಿನಲ್ಲಿ ನಾಯಿ ಮರಿ ಹಾಕಿತ್ತು. ಬಿಳಿ ಕಾಲಿನ ಒಂದನ್ನು ಎರಡು ತಿಂಗಳು ಇಟ್ಟುಕೊಂಡಿರುತ್ತೇನೆ ಎಂದು ಮಿಲ್ಲಿನವನು ಮಗುವಿಗೆ ಮಾತು ಕೊಟ್ಟಿದ್ದ.

ಆ ಭಾನುವಾರ ಟೆರೇಸಿನಲ್ಲಿ ಮೊಮ್ಮಗಳು ನಾರಿನ ಇಟ್ಟಿಗೆಯನ್ನು ಬಕೆಟ್ಟಿಗೆ ಹಾಕಿ ನೀರು ಸುರಿದಳು. ಅದು ಬಿಸಿ ಎಣ್ಣೆಯಲ್ಲಿ ಪೂರಿ ಉಬ್ಬುವ ಹಾಗೆ ಉಬ್ಬಿ ಅರ್ಧ ಬಕೆಟ್ಟಾಯಿತು. ಒಂದು ಹಿಡಿ ತೆಗೆದು ಹಿಂಡಿದರೆ ತೇವ ಗೊತ್ತಾಗಬೇಕು, ನೀರು ತೊಟ್ಟಿಕ್ಕಬಾರದು ಎಂದು ಡಬ್ಬಿಯ ಹಾಳೆಯಲ್ಲಿ ಬರೆದಿತ್ತಂತೆ. ಅವಳು ಹಿಂಡಿ ಹಿಂಡಿ ನೋಡಿದಳು. ಅದಕ್ಕೆ ಸ್ವಲ್ಪ ಎರೆಗೊಬ್ಬರ ಕಲಸಿ, ತಳದಲ್ಲಿ ತೂತಿರುವ ಲೋಟಗಳಿಗೆ ತುಂಬಿ, ಒಂದೊಂದರಲ್ಲೂ ಎರಡೆರಡು ಬೀಜವನ್ನು ಉಗುರಿನಷ್ಟು ಆಳಕ್ಕೆ ಇಟ್ಟಳು. ನನ್ನ ಕೈ ಮೂರು ಸಲ ಮುಂದೆ ಹೋಯಿತು. ಮೂರು ಸಲವೂ ಅವಳು ತಳ್ಳಿದಳು.

"ಅಜ್ಜಿ, ಸುಮ್ನೆ ಕೂತ್ಕೊ. ಅಮ್ಮ ನೋಡಿದ್ರೆ ನನ್ ನಾಯಿ ಕ್ಯಾನ್ಸಲ್ಲು."

ಮೂರನೇ ದಿನ ಬೀಜ ಮೊಳೆತಿದೆಯೋ ಇಲ್ಲವೋ ಎಂದು ಕೆದಕಿ ನೋಡಿದಳು. ಐದನೇ ದಿನ ಮತ್ತೆ ಕೆದಕಿದಳು. "ನಿದ್ದೇಲಿರೋಳ್ದು ಒದಿಕೆ ಕಿತ್ತು ಎಬ್ಬಿಸ್ದಂಗಾಯ್ತು ಕಣೇ ಇದು," ಎಂದು ಬೈದೆ. ಹಾಗಿದ್ದರೂ ಒಂದು ವಾರಕ್ಕೆ ಸಸಿಗಳು ಬಾಗಿದ ಕತ್ತು ಎತ್ತಿದವು. ಲೋಟಕ್ಕೊಂದು ಗಟ್ಟಿಯಾದ್ದನ್ನು ಉಳಿಸಿ ಇನ್ನೊಂದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸು ಎಂದು ಹಾಳೆ ಹೇಳಿತು. ಕತ್ತರಿಸುವಾಗ ಅವಳು ಪ್ರತಿಯೊಂದಕ್ಕೂ "ಸಾರಿ" ಎಂದಳು. ಆ ದಿನ ಸಂತೋಷಕ್ಕೆ ನನಗೆ ಊಟ ಸೇರಲಿಲ್ಲ. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಶುರುವಾಯಿತು ನನ್ನ ಪೀಕಲಾಟ. ಸ್ಕೂಲ್ ವ್ಯಾನಿನಿಂದ ಇಳಿದವಳು ಟೆರೇಸಿಗೆ ಹೋಗುತ್ತಾಳೆ, ಎರಡು ನಿಮಿಷಕ್ಕೆ ಕೆಳಗೆ ಬಂದು ಟಿವಿ ಮುಂದೆ ಕೂರುತ್ತಾಳೆ. ಬಾಟಲಿಯ ನೀರು ಇದ್ದಷ್ಟೇ ಇದೆ. ಮರುದಿನವೂ ಅಷ್ಟೇ. ನಾನು ಬಟ್ಟೆ ಒಣಹಾಕಲು ಹೋದಾಗ ನೋಡಿದರೆ ಲೋಟಗಳ ಮೇಲ್ಭಾಗ ಒಣಗಿ ಬಿಳುಚಿಕೊಂಡಿದೆ. ನಮ್ಮ ಕೆಂಪು ಮಣ್ಣು ಹಾಗೆ ಬಿಳುಚಿದರೆ ಸಂಜೆಯೊಳಗೆ ಸಸಿ ಬಾಡುತ್ತದೆ. ನೆನಪು ಮಾಡುವ ಹಾಗಿಲ್ಲ, ಹೇಳುವ ಹಾಗಿಲ್ಲ. ನೋಡಿಕೊಂಡು ಹೇಗಿರಲಿ? ಚೊಂಬಿನಲ್ಲಿ ನೀರು ತಂದು ಆರು ಲೋಟಕ್ಕೂ ಹಾಕಿದೆ. ಮರುದಿನ ಬೆಳಿಗ್ಗೆಯೂ ಹಾಕಿದೆ. ಮಗು ಜವಾಬ್ದಾರಿ ಕಲಿಯದಿದ್ದರೆ ಹೋಗಲಿ, ನಾಯಿಮರಿಯಾದರೂ ಸಿಗಲಿ ಎಂದುಕೊಂಡೆ.

ಒಂದು ವಾರ ಹೀಗೇ ನಡೆಯಿತು. ಶನಿವಾರ ಟೆರೇಸಿನಿಂದ ಅವಳ ಕೂಗು ಕೇಳಿ ಓಡಿದೆ. ನಾಲ್ಕು ಸಸಿ ಮಲಗಿದ್ದವು. ಎಲೆ ಇನ್ನೂ ಹಸಿರು, ಆದರೆ ಕಾಂಡ ಬುಡದಲ್ಲಿ ದಾರದಷ್ಟು ತೆಳ್ಳಗಾಗಿ ಕಂದು ತಿರುಗಿತ್ತು. ಸಸಿ ಎಬ್ಬಿಸುವ ಒಟ್ಲುಪಾತಿಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ. ನೀರು ಹೆಚ್ಚಾಗಿ ಬುಡ ಕೊಳೆತದ್ದು.

ಸೊಸೆಯೂ ಮೇಲೆ ಬಂದಳು. "ಎಷ್ಟು ನೀರು ಹಾಕ್ದೆ?" ಎಂದಳು.

"ಹಾಕೇ ಇಲ್ಲ ಅಮ್ಮ. ಬುಕ್ ನೋಡು." ಮಗು ಒಂದು ಹಳೆಯ ಲೆಕ್ಕದ ನೋಟ್‌ಬುಕ್ ತೋರಿಸಿತು. ಪ್ರತಿ ದಿನಕ್ಕೂ ಒಂದು ಸಾಲು. ಸೋಮವಾರ, ಬೆರಳು ಹಾಕಿದೆ, ಒಳಗೆ ಒದ್ದೆ, ನೀರು ಹಾಕಲಿಲ್ಲ. ಮಂಗಳವಾರ, ಒದ್ದೆ, ಹಾಕಲಿಲ್ಲ. ಹಾಗೇ ಶುಕ್ರವಾರದವರೆಗೆ. ಎರಡನೇ ಗೆಣ್ಣಿನವರೆಗೆ ಬೆರಳು ಇಳಿಸಿ, ಒಳಗೆ ಒಣಗಿದ್ದರೆ ಮಾತ್ರ ನೀರು ಎಂದು ಹಾಳೆಯಲ್ಲಿತ್ತಂತೆ. ಆ ಎರಡು ನಿಮಿಷ ಅವಳು ಟೆರೇಸಿನಲ್ಲಿ ಮಾಡುತ್ತಿದ್ದದ್ದು ಅದು. ನಾನು ಒಂದು ದಿನವೂ ಲೋಟಕ್ಕೆ ಬೆರಳು ಹಾಕಿರಲಿಲ್ಲ. ತೆಂಗಿನ ನಾರು ಮೇಲೆ ಒಣಗಿ ಕಂಡರೂ ಹೊಟ್ಟೆಯಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತದೆ ಎನ್ನುವುದು ಇಪ್ಪತ್ತು ವರ್ಷ ಮಣ್ಣು ನೋಡಿದವಳಿಗೆ ಗೊತ್ತಿರಲಿಲ್ಲ.

"ಐದು ದಿನ ಹಾಕಿಲ್ಲ ಅಂದ್ರೆ ಒಣಗ್ಬೇಕಿತ್ತಲ್ವಾ ಅಜ್ಜಿ? ಮಳೆನೂ ಬಂದಿಲ್ಲ," ಎಂದಳು ಮಗು.

ನಾನು ತಂತಿ ಮೇಲಿನ ಸೀರೆ ಮಡಿಸತೊಡಗಿದೆ. ಅರ್ಧ ಒಣಗಿತ್ತು ಅದು.

"ಅತ್ತೆ," ಎಂದಳು ಸೊಸೆ.

"ಊ ಕಣಮ್ಮ, ನಾನೇ ಆಕ್ದೆ. ಮೇಲೆಲ್ಲ ಒಣಗಿತ್ತು. ನಾನೇನ್ ಕನಸು ಕಂಡಿದ್ನಾ ಈ ನಾರು ಇಂಗೆ ಮೋಸ ಮಾಡ್ತದೆ ಅಂತ?"

ಸೊಸೆ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. "ಹೋಗ್ಲಿ, ನಿನ್ನ ತಪ್ಪಲ್ಲ. ಉಳಿದಿರೋ ಎರಡನ್ನೇ ಬೆಳೆಸು. ಅದು ಹೂ ಬಿಟ್ರೆ ನಾಯಿ ತರೋಣ," ಎಂದಳು ಮಗಳಿಗೆ.

ಸದ್ಯ, ಬದುಕಿಕೊಂಡೆ ಎಂದುಕೊಂಡೆ. ಆದರೆ ಮಗು ತಲೆಯಾಡಿಸಿತು.

"ಬೇಡ. ಅದಕ್ಕೆ ಅಜ್ಜಿ ನೀರು ಹಾಕಿದಾಳೆ. ಮೊದ್ಲಿಂದ ಮಾಡ್ತೀನಿ."

"ಏ ಪುಟ್ಟಿ, ನಿಮ್ಮಮ್ಮನೇ ಸೈ ಅಂತವ್ಳೆ. ನಿಂದೇನೇ ಮಧ್ಯದಲ್ಲಿ? ಆ ಮರಿ ಅಲ್ಲೀಗಂಟ ಇರ್ತದಾ?"

"ನೀನು ಮಾತಾಡ್ಬೇಡ ಅಜ್ಜಿ."

ಅವಳು ಮಲಗಿದ ಸಸಿಗಳನ್ನು ಕಿತ್ತು, ಆ ಲೋಟಗಳ ಹಳೆಯ ನಾರನ್ನು ಮೂಟೆ ಕಟ್ಟಿ ಆಚೆ ಹಾಕಿ, ಲೋಟಗಳನ್ನು ಸೋಪು ಹಾಕಿ ತೊಳೆದು ಬಿಸಿಲಿಗೆ ಬೋರಲಿಟ್ಟಳು. ಹಳೆಯ ನಾರಿನಲ್ಲಿ ಆ ಕೊಳೆರೋಗ ಇರುತ್ತದಂತೆ. ಉಳಿದ ಎರಡು ಸಸಿಯ ಲೋಟಗಳನ್ನು ತಂದು ನನ್ನ ಮುಂದಿಟ್ಟು, "ಇವು ನಿನ್ನವು. ಬೆರಳು ಹಾಕಿ ನೋಡ್ದೆ ನೀರು ಹಾಕಂಗಿಲ್ಲ," ಎಂದಳು. ಒಂಬತ್ತು ವರ್ಷದವಳಿಂದ ನೀರು ಹಾಕುವುದನ್ನು ಹೇಳಿಸಿಕೊಂಡೆ. ಸಿಟ್ಟೂ ಬಂತು, ಅವಳನ್ನು ಎತ್ತಿ ಮುದ್ದಾಡಬೇಕೆಂದೂ ಅನ್ನಿಸಿತು. ಎತ್ತಲು ಹೋದರೆ ಕೈಯೆಲ್ಲ ಸೋಪು ಎಂದು ತಪ್ಪಿಸಿಕೊಂಡಳು.

ಸಂಜೆ ನಾನು ರಾಗಿ ಬೀಸಿಸಲು ಮಿಲ್ಲಿಗೆ ಹೊರಟಾಗ ತಾನೂ ಬರುತ್ತೇನೆ ಎಂದು ಅವಳು ಜೊತೆಗೆ ಬಂದಳು. ಬಿಳಿ ಕಾಲಿನ ಮರಿ ಅವಳ ಚಪ್ಪಲಿಯ ಪಟ್ಟಿ ಕಚ್ಚಿ ಎಳೆಯಿತು. ಅವಳು ಬಗ್ಗಿ ಬಿಡಿಸಿಕೊಂಡಳು.

"ಅಂಕಲ್, ಇದನ್ನ ನನಗೆ ಅಂತ ಇಟ್ಕೋಬೇಡಿ. ಯಾರಾದ್ರೂ ಕೇಳಿದ್ರೆ ಕೊಟ್ಬಿಡಿ. ನಂದು ಇನ್ನೂ ಆಗಿಲ್ಲ. ಲೇಟಾಗುತ್ತೆ."

ಮಿಲ್ಲಿನವನು ನನ್ನ ಮುಖ ನೋಡಿದ. "ಏನಮ್ಮಾ, ಹೌದಾ? ಇಲ್ಲಾಂದ್ರೆ ಇನ್ನೊಂದು ತಿಂಗಳು ನೋಡ್ತೀನಿ, ನೀವೊಂದ್ ಮಾತು ಹೇಳಿ."

ಇಟ್ಟುಕೊಂಡಿರಪ್ಪ ಎನ್ನುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಮಗು ನನ್ನನ್ನೇ ನೋಡುತ್ತಿತ್ತು.

"ನನ್ನ್ಯಾಕಪ್ಪ ಕೇಳ್ತೀಯ, ಅವಳ ಯವಾರ ಅದು," ಎಂದು ರಾಗಿ ಡಬ್ಬ ತಕ್ಕಡಿಗೆ ಇಟ್ಟೆ.