ಹಳೇ ಫೋನಿನ ದೂರು

ನಮ್ಮ ಕಡೆ ಮನೆಗೆ ಹೊಸ ಫೋನ್ ಬಂದರೆ ಗಂಡಸರ ಜೇಬಿಗೆ ಹೋಗುತ್ತದೆ. ಅವರು ಬಿಟ್ಟ ಹಳೆಯದು ಹೆಂಗಸರ ಪಾಲು. ಗಂಗಾವತಿಯಲ್ಲಿ ಹಾಲಿನ ಡೈರಿಗಳಿಗೆ ಲೆಕ್ಕದ ಆ್ಯಪ್ ಮಾಡುವ ನಮ್ಮ ಪುಟ್ಟ ಆಫೀಸಿಗೆ ಇದು ಹೊಳೆದೇ ಇರಲಿಲ್ಲ. ಆ್ಯಪ್ ಪರೀಕ್ಷಿಸುವ ಕೆಲಸ ನನ್ನದು, ಅದಕ್ಕೆಂದು ಕೊಟ್ಟ ಫೋನುಗಳೆಲ್ಲ ಹೊಸವು.

ಹೊಸ ಆವೃತ್ತಿ ಬಿಟ್ಟ ಮೇಲೆ ಇರಕಲ್ಲಗಡ ಕಡೆಯ ಹಳ್ಳಿಯೊಂದರಲ್ಲಿ ಡೈರಿ ನಡೆಸುವ ಹೆಂಗಸೊಬ್ಬರು ಫೋನ್ ಮಾಡಿದರು. "ಅಕ್ಕಾರ, ತಾರೀಖು ಒತ್ತಿದ ಕೂಡ್ಲೇ ಆ್ಯಪ್ ಬಂದ್ ಆಗತೈತ್ರಿ. ಹಿಂಗಾದ್ರ ಸಂಘದವ್ರು ಡೈರಿ ನನ್ನ ಮೈದುನಗ ಕೊಡತಾರಂತ. ಅವನ ಕಡೆ ಹೊಸ ಫೋನ್ ಐತಿ."

ದೂರು ಬರೆದೆ. ಆ್ಯಪ್ ಬರೆಯುವ ಡೆವಲಪರ್ 'ನಮ್ಮಲ್ಲಿ ಹೀಗಾಗುತ್ತಿಲ್ಲ' ಎಂದು ಅದನ್ನು ಮುಚ್ಚಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ತನ್ನ ಹೊಸ ಫೋನಿನಲ್ಲಿ ನೋಡಿದರೆ ಅವನಿಗೆ ಹೇಗಾದೀತು? ಲ್ಯಾಪ್‌ಟಾಪ್ ಎತ್ತಿಕೊಂಡು ಬಸ್ ಹತ್ತಿದೆ.

ಅಲ್ಲಿ ಆಕೆಯ ಫೋನಿನ ಲಾಗ್, ಅಂದರೆ ಆ್ಯಪ್ ಏಕೆ ನಿಂತಿತೆಂದು ಫೋನು ತಾನೇ ಬರೆದಿಡುವ ದಾಖಲೆ, ನೋಡಿದರೆ ಏನೂ ಇಲ್ಲ. ಆ್ಯಪ್ ನಿಂತಾಗಲೆಲ್ಲ ಆಕೆ ಫೋನನ್ನೇ ಬಂದ್ ಮಾಡಿ ಚಾಲೂ ಮಾಡುತ್ತಿದ್ದರು. ಹಾಗೆ ಮಾಡಿದರೆ ಲಾಗ್ ಅಳಿಸಿಹೋಗುತ್ತದೆ.

"ಈ ಸಲ ಏನೂ ಮುಟ್ಟಬ್ಯಾಡ್ರಿ," ಎಂದು ಕೇಬಲ್ ಸಿಕ್ಕಿಸಿದೆ. ತಾರೀಖು ಒತ್ತಿದರು. ಆ್ಯಪ್ ಮುಚ್ಚಿತು. ಲ್ಯಾಪ್‌ಟಾಪಿನಲ್ಲಿ ಕಾರಣ ಬಂತು: 'ಲೋಕಲ್‌ಡೇಟ್' ಎಂಬ ಕ್ಲಾಸ್, ಅಂದರೆ ಕೋಡಿನ ತುಂಡು, ಸಿಗಲಿಲ್ಲ. ತಾರೀಖು ನಿಭಾಯಿಸುವ ಆ ಸೌಲಭ್ಯ ಆಂಡ್ರಾಯ್ಡ್ ಎಂಟರಿಂದ ಈಚೆಗಷ್ಟೇ ಇದೆ. ಆಕೆಯ ಫೋನು ಏಳರದ್ದು.

ದೂರನ್ನು ಮತ್ತೆ ತೆರೆದೆ. ಫೋನು, ಆಂಡ್ರಾಯ್ಡ್ ಆವೃತ್ತಿ ಮೊದಲು ಬರೆದೆ. ಆಮೇಲೆ ಹಂತಗಳು: ಆ್ಯಪ್ ತೆರೆಯಿರಿ, ಹಾಲು ಹಾಕುವವರ ಹೆಸರು ಆರಿಸಿ, ತಾರೀಖು ಒತ್ತಿ. ಲಾಗ್ ಲಗತ್ತಿಸಿದೆ. ಏನಾಗಬೇಕಿತ್ತು ಎಂಬಲ್ಲಿ 'ಕ್ಯಾಲೆಂಡರ್ ತೆರೆಯಬೇಕು, ಆರಿಸಿದ ದಿನಕ್ಕೆ ಹಾಲು ದಾಖಲಾಗಬೇಕು. ಇದೇ ಫೋನಿನಲ್ಲಿ' ಎಂದು ಬರೆದೆ.

ಮರುದಿನ ಆಫೀಸಿನ ಯಜಮಾನರು ಕರೆದರು. "ಏಳರ ಫೋನು ಬಿಟ್ಟುಬಿಡೋಣ್ರಿ. ಹೊಸಾವು ತಗೋತಾರ."

"ಯಾರು ತಗೋತಾರ್ರಿ, ಸರ? ತಗೊಂಡ್ರೂ ಅದು ಗಂಡನ ಕೈಗೆ ಹೋಗತೈತಿ."

"ಒಬ್ಬಾಕಿ ಸಲುವಾಗಿ ಇಷ್ಟ್ಯಾಕ ಹಟ?"

"ಫೋನ್ ಮಾಡಿದಾಕಿ ಒಬ್ಬಾಕಿರಿ. ಸುಮ್ನ ಡೈರಿ ಬಿಟ್ಟುಕೊಟ್ಟವ್ರು ಎಷ್ಟು ಮಂದಿ ಅದಾರೋ. ಇದು ಸರಿಯಾಗುತನಕ ಮುಂದಿನ ಆವೃತ್ತಿಗೆ ನಾ ಒಪ್ಪಿಗಿ ಕೊಡಂಗಿಲ್ಲ. ಬಿಡೂದಿದ್ರ ನಿಮ್ಮ ಹೆಸರಿನ್ಯಾಗ ಬಿಡ್ರಿ."

ಕೆಲಸ ಹೋದರೆ ಹೋಗಲಿ ಎಂದುಕೊಂಡೇ ನಿಂತಿದ್ದೆ. ಅವರು ಡೆವಲಪರ್ ಕಡೆ ತಿರುಗಿ, "ಸರಿ ಮಾಡಿ ಕೊಡಪಾ," ಎಂದರು. ಅವನು ಗೊಣಗುತ್ತ ಕೆಲಸಕ್ಕೆ ಕುಳಿತ. ತಾರೀಖಿನ ಆ ಸೌಲಭ್ಯವನ್ನು ಆ್ಯಪಿನ ಜೊತೆಗೇ ಕಟ್ಟಿಕೊಡುವ ಸೆಟ್ಟಿಂಗ್ ಒಂದಿದೆ. ಅದನ್ನು ಹಾಕಿ, ಊಟದ ಹೊತ್ತಿಗೆ ಪರೀಕ್ಷೆಗೆ ಕೊಟ್ಟ. ಅದನ್ನು ನಾನು ಎರವಲು ತಂದ ಏಳರ ಫೋನೊಂದರಲ್ಲೇ ನೋಡಿ ಒಪ್ಪಿದೆ.

ಹೊಸ ಆವೃತ್ತಿ ಹೋದ ಮೇಲೆ ನಾನೇ ಆಕೆಗೆ ಫೋನ್ ಮಾಡಿದೆ. ಹಿಂದೆ ಕ್ಯಾನುಗಳ ಸದ್ದು.

"ಛಲೋ ನಡದೈತ್ರಿ ಅಕ್ಕಾರ. ಮೈದುನ ಹೊಸ ಫೋನ್ ಹಿಡಕೊಂಡು ಬಂದಾನ."

"ಮತ್ತ?"

"ಹಾಲು ಹಾಕೂದಿದ್ರ ಎಲ್ಲಾರಂಗ ಪಾಳಿ ಹಚ್ಚಿ ನಿಂದ್ರು ಅಂದೇನ್ರಿ."