ಐದು ವರ್ಷ ಮುಟ್ಟದ ಫೈಲುಗಳು

ಕಟ್ಟಡಗಳ ನಕ್ಷೆ ಬರೆಯುವ ಆ ಪುಟ್ಟ ಕಚೇರಿಯಲ್ಲಿ ಗೋಡೆ ಕಾಣುವ ಜಾಗವೆಲ್ಲ ಮೇಲ್ವಿಚಾರಕ ನೋಟೀಸಣ್ಣನಿಗೆ ಸೇರಿದ್ದು. ನಲ್ಲಿಯ ಪಕ್ಕ ನೀರು ಪೋಲು ಮಾಡಬಾರದೆಂದು, ಸ್ವಿಚ್ಚಿನ ಪಕ್ಕ ಫ್ಯಾನ್ ಆರಿಸಬೇಕೆಂದು, ಬಾಗಿಲಿನ ಮೇಲೆ ಬಾಗಿಲು ಹಾಕಬೇಕೆಂದು ಅವನು ಬರೆದು ಅಂಟಿಸಿದ್ದ. ನೀರು ಪೋಲಾಗುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಬಾಗಿಲು ಹಾಕಿರುತ್ತಿರಲಿಲ್ಲ. ಅದರಿಂದ ಅವನ ಉತ್ಸಾಹವೇನೂ ಕುಂದಿರಲಿಲ್ಲ. ಪಾಲಿಸುವುದು ಜನರ ಕೆಲಸ, ಬರೆಯುವುದು ತನ್ನ ಕೆಲಸ ಎಂದು ಅವನು ಎಂದೋ ಹಂಚಿಕೊಂಡುಬಿಟ್ಟಿದ್ದ.

ಹೀಗಿರುವಾಗ ಮೂಲೆಯ ಕಂಪ್ಯೂಟರ್ ಹೊಟ್ಟೆ ಬಿರಿದು ಕೂತಿತು. ಅದು ಎಲ್ಲರದೂ ಆಗಿದ್ದರಿಂದ ಯಾರದೂ ಆಗಿರಲಿಲ್ಲ. ಹಳೆಯ ಕೆಲಸಗಳ ಫೋಲ್ಡರುಗಳು, ಸ್ಕ್ಯಾನ್ ಮಾಡಿದ ಹಾಳೆಗಳು, ಯಾರದೋ ಪ್ರವಾಸದ ಫೋಟೋಗಳು, ಎಲ್ಲ ಅದರೊಳಗೇ. ಒಂದು ಬೆಳಿಗ್ಗೆ ಸ್ಕ್ಯಾನ್ ಮಾಡಲು ಹೋದರೆ ಜಾಗವಿಲ್ಲ ಎಂದುಬಿಟ್ಟಿತು. ಅಪ್ಪ ತೀರಿಕೊಂಡ ಮೇಲೆ ಕಚೇರಿ ನಡೆಸುತ್ತಿದ್ದ ಮೇಡಂ, ಏನನ್ನು ಇಡಬೇಕು ಏನನ್ನು ಅಳಿಸಬೇಕು ಅನ್ನುವುದಕ್ಕೆ ಒಂದು ಪುಟ ಬರೆದುಕೊಡಿ ಅಂಕಲ್ ಎಂದರು. ಹಸಿದವನ ಮುಂದೆ ಎಲೆ ಹಾಕಿದ ಹಾಗಾಯಿತು.

ಒಂದು ಪುಟ ಹನ್ನೊಂದು ಪುಟವಾಯಿತು. ಅದರ ಏಳೆಂಟು ಕರಡುಗಳು ಅದೇ ಕಂಪ್ಯೂಟರಿನಲ್ಲಿ ಕೂತು ಉಳಿದಿದ್ದ ಚೂರುಪಾರು ಜಾಗವನ್ನೂ ನುಂಗಿದವು. ನ್ಯಾಯವಾಗಿ ಹೇಳಬೇಕೆಂದರೆ ಅದರಲ್ಲಿ ಬುದ್ಧಿಯ ಮಾತುಗಳೂ ಇದ್ದವು. ಅಳಿಸುವುದಾದರೆ ಆ ಕಂಪ್ಯೂಟರಿನ ಮುಂದೆಯೇ ಕೂತು ಅಳಿಸಬೇಕು ಎಂದಿದ್ದ. ಹಿಂದೊಮ್ಮೆ ಯಾರೋ ತಮ್ಮ ಮೇಜಿನಿಂದಲೇ, ನೆಟ್‌ವರ್ಕಿನ ಮೂಲಕ ಒಂದು ಫೋಲ್ಡರ್ ಅಳಿಸಿ, ಕಸದ ಬುಟ್ಟಿಯಲ್ಲಿ ಇರುತ್ತದೆ ಬಿಡಿ ಎಂದಿದ್ದರು. ಹಾಗೆ ಅಳಿಸಿದ್ದು ಯಾವ ಬುಟ್ಟಿಗೂ ಬೀಳದೆ ನೇರ ಮಾಯವಾಗುತ್ತದೆ ಅನ್ನುವುದು ಆ ದಿನ ಎಲ್ಲರಿಗೂ ತಿಳಿಯಿತು. ಇನ್ನು ಮುಖ್ಯ ನಿಯಮ ಇದು: ಐದು ವರ್ಷದಿಂದ ಯಾರೂ ಬದಲಾಯಿಸದ ಫೈಲು ಹೋಗಬೇಕು. ಬೇಕೆನ್ನುವವರು ಸಭೆಯಲ್ಲಿ ಎಲ್ಲರೆದುರು ತಮ್ಮದೆಂದು ಹೇಳಿ ಕಾರಣ ಕೊಡಬೇಕು. ಭಾವನೆಗಳು ಕಾರಣವಲ್ಲ. ಈ ಕೊನೆಯ ಸಾಲನ್ನು ಅವನು ದಪ್ಪ ಅಕ್ಷರದಲ್ಲಿ ಹಾಕಿ, ದೂರ ನಿಂತು ನೋಡಿ, ಇನ್ನೂ ದಪ್ಪ ಮಾಡಿದ್ದ.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವಾಕೆ ನಿಯಮವನ್ನು ಪೂರ್ತಿ ಓದಿದ ಒಬ್ಬಳೇ ಒಬ್ಬಳು. ಓದಿದ್ದೇ ತಡ, ತನ್ನ ಹಳೆಯ ಫೈಲುಗಳನ್ನೆಲ್ಲ ಒಂದೊಂದಾಗಿ ತೆರೆದು, ಒಂದು ಗೆರೆ ಎಳೆದು, ಅದನ್ನು ಅಳಿಸಿ, ಸೇವ್ ಒತ್ತಿದಳು. ಫೈನಲ್, ಹೊಸ ಫೈನಲ್, ನಿಜವಾದ ಫೈನಲ್, ಎಲ್ಲವಕ್ಕೂ ಇವತ್ತಿನ ತಾರೀಕು ಬಿತ್ತು. ಎಲ್ಲವೂ ಚಿರಂಜೀವಿಗಳಾದವು.

ನೋಟೀಸಣ್ಣ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಫೈಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ನೋಡಿದ. ಕಸವೆಲ್ಲ ಮೇಲೆ ಹೊಳೆಯುತ್ತಿತ್ತು. ಕೆಳಗೆ, ಹೋಗಬೇಕಾದವರ ಸಾಲಿನಲ್ಲಿ ನಿಂತಿದ್ದವು ಸ್ಕ್ಯಾನುಗಳು. ಸಹಿ ಹಾಕಿದ ನಕ್ಷೆಯನ್ನು ಒಮ್ಮೆ ಸ್ಕ್ಯಾನ್ ಮಾಡಿಟ್ಟರೆ ಅದನ್ನು ಬದಲಾಯಿಸುವವರು ಯಾರು? ತೆರೆದು ನೋಡಿದ ಮಾತ್ರಕ್ಕೆ ಅದರ ತಾರೀಕು ಬದಲಾಗುವುದಿಲ್ಲ. ಬದಲಾಯಿಸಬಾರದು ಎಂದೇ ಇಟ್ಟದ್ದನ್ನು, ಬದಲಾಯಿಸಲಿಲ್ಲ ಎಂಬ ತಪ್ಪಿಗೆ ಅವನ ನಿಯಮ ಹಿಡಿದು ಕೊಲ್ಲುತ್ತಿತ್ತು. ಹನ್ನೊಂದು ಪುಟ ಬರೆದ ತಲೆಗೆ ಇಷ್ಟು ಹೊಳೆದಿರಲಿಲ್ಲ.

ಆ ಸಾಲಿನ ಕಟ್ಟಕಡೆಗೆ ಒಂದು ವಾಚನಾಲಯದ ನಕ್ಷೆ ಇತ್ತು.

ಅದನ್ನು ಬರೆದ ಕಾಲಕ್ಕೆ ನೋಟೀಸಣ್ಣ ನೋಟೀಸಣ್ಣನಾಗಿರಲಿಲ್ಲ. ಬೋರ್ಡಿನ ಮೇಲೆ ಬಾಗಿ ಇಂಕಿನಲ್ಲಿ ನಕ್ಷೆ ಬರೆಯುತ್ತಿದ್ದ ಕಡ್ಡಿಯಂಥ ಯುವಕ. ವಾಚನಾಲಯದ ಕೆಲಸ ತೀರ ಸಣ್ಣದೆಂದು ದೊಡ್ಡ ಸಾಹೇಬರು, ಅಂದರೆ ಮೇಡಂ ಅವರ ಅಪ್ಪ, ಇವನ ಕೈಗೆ ಬಿಟ್ಟಿದ್ದರು. ಓದುವವರ ಎಡಗಡೆಯಿಂದ ಬೆಳಕು ಬರುವಂತೆ ಕಿಟಕಿ, ಮುದುಕರು ಕಾಲು ಚಾಚಲು ಜಗಲಿ, ಎಲ್ಲ ಇವನದೇ ಯೋಚನೆ. ಲೈಸೆನ್ಸ್ ಇದ್ದದ್ದು ಸಾಹೇಬರಿಗೆ, ಸಹಿ ಅವರದು. ಅದು ಕಾನೂನು, ಅದರಲ್ಲಿ ತಪ್ಪೇನೂ ಇಲ್ಲ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಸಾಹೇಬರು, ಕೆಳಗೆ ಕುರ್ಚಿ ಜೋಡಿಸುತ್ತಾ ಇವನು. ಅದರಲ್ಲಿ ತಪ್ಪಿತ್ತೋ ಇಲ್ಲವೋ ಇವನು ಯಾರನ್ನೂ ಕೇಳಲಿಲ್ಲ. ಆಮೇಲೆ ಬೋರ್ಡು ಹೋಗಿ ಕಂಪ್ಯೂಟರ್ ಬಂದಾಗ, ಅದರಲ್ಲಿ ನಕ್ಷೆ ಬರೆಯಲು ಕಲಿಯುವುದಿಲ್ಲ ಎಂದು ಹಟ ಹಿಡಿದು ಕಚೇರಿಯ ಮೇಲ್ವಿಚಾರಣೆಗೆ ಬಂದುಬಿಟ್ಟ. ಹೆಂಡತಿ ಮಾತ್ರ ಆಗಾಗ, ನಿಮ್ಮ ಸಿಟ್ಟು ಗೋಡೆಗೆ ಅಂಟಿಸೋಕೆ ಗೋಂದು ನಾನು ತರಬೇಕಾ ಎಂದು ಕುಟುಕುತ್ತಿದ್ದಳು.

ರಸ್ತೆ ಅಗಲ ಮಾಡುವಾಗ ವಾಚನಾಲಯ ಉರುಳಿತು. ಮೂಲ ಹಾಳೆ, ಕಚೇರಿಯ ಮೇಲಿನ ನೀರಿನ ಟ್ಯಾಂಕು ಸೋರಿ ಮುದ್ದೆಯಾಯಿತು. ಉಳಿದದ್ದು ಈ ಸ್ಕ್ಯಾನ್ ಒಂದೇ.

ಅದನ್ನು ಉಳಿಸುವುದು ಕಷ್ಟವೇನಲ್ಲ. ತೆರೆದು, ಒಮ್ಮೆ ತಿರುಗಿಸಿ, ಮತ್ತೆ ನೆಟ್ಟಗೆ ಮಾಡಿ, ಸೇವ್ ಒತ್ತಿದರೆ ತಾರೀಕು ಹೊಸದಾಗುತ್ತಿತ್ತು. ಬೆರಳು ಮೌಸಿನ ಮೇಲೆಯೇ ಇತ್ತು. ಆದರೆ ನಕ್ಷೆಯಾಕೆಯ ನಿಜವಾದ ಫೈನಲ್ ಪಕ್ಕದಲ್ಲಿ ತನ್ನ ವಾಚನಾಲಯವೂ ಕಳ್ಳದಾರಿಯಲ್ಲಿ ಬಂದು ನಿಲ್ಲುವುದನ್ನು ನೆನೆದು ಅವನಿಗೆ ನಾಚಿಕೆಯಾಯಿತು. ಕೈ ಹಿಂದಕ್ಕೆ ತೆಗೆದುಕೊಂಡ.

ಸಭೆಯಲ್ಲಿ ಮೇಡಂ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಹೆಸರು ಓದಿದರು. ನೋಟೀಸಣ್ಣ ಎದ್ದು ನಿಂತು, ಸ್ಕ್ಯಾನುಗಳಿಗೆ ತಾರೀಕಿನ ನಿಯಮ ಹೊಂದುವುದಿಲ್ಲ, ಅದನ್ನು ಬರೆಯುವಾಗ ತನ್ನ ಬುದ್ಧಿ ಎಲ್ಲೋ ಮೇಯಲು ಹೋಗಿತ್ತು ಎಂದು ಒಪ್ಪಿಕೊಂಡ. ಮೇಡಂ ತಲೆಯಾಡಿಸಿ, ನಿಂತಿರುವ ಕಟ್ಟಡಗಳ ಸಹಿ ಹಾಕಿದ ನಕ್ಷೆಗಳೆಲ್ಲ ಇರಲಿ, ಅವುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲೂ ಇರಲಿ ಎಂದರು. ಒಳ್ಳೆಯ ತಿದ್ದುಪಡಿ. ಅದರಲ್ಲಿ ನಿಂತಿರುವ ಎಂಬ ಪದವೊಂದು ನುಸುಳಿತ್ತು.

"ವಾಚನಾಲಯ," ಎಂದು ಮೇಡಂ ಓದಿದರು. "ಕಟ್ಟಡವೇ ಇಲ್ಲ. ಅಪ್ಪನ ಸಹಿ ಇದೆ ಅಂತ ನಾನೇ ಉಳಿಸ್ಕೊಂಡ್ರೆ ನಿಯಮಕ್ಕೆ ಏನು ಬೆಲೆ? ತೆಗೀತೀನಿ."

"ಬೇಡ," ಎಂದ ನೋಟೀಸಣ್ಣ. "ಅದು ನಂದು."

ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದ. ನಕ್ಷೆಯಾಕೆ ಕೂಡ ತಲೆ ಎತ್ತಲಿಲ್ಲ. ಮೇಡಂ ಮಾತ್ರ ಮೌಸ್ ಬಿಟ್ಟು ಅವನತ್ತ ತಿರುಗಿದರು.

"ಗೊತ್ತು ಅಂಕಲ್. ಅಪ್ಪ ಮನೇಲಿ ಯಾವಾಗ್ಲೂ ಹೇಳ್ತಿದ್ರು. ನೀವು ಇದರ ಬಗ್ಗೆ ಒಂದಿನಾನೂ ಮಾತೇ ಎತ್ತಲಿಲ್ಲ. ನಿಮಗೆ ಅದು ಬೇಡವೇನೋ ಅಂದ್ಕೊಂಡಿದ್ದೆ."

ಮನೆಯಲ್ಲಿ ಯಾವಾಗಲೂ! ಊಟದ ಮೇಜಿನ ಮೇಲೆ ಉಪ್ಪಿನ ಪಕ್ಕ ಹಂಚಿದ ಮಾತು, ವೇದಿಕೆಯ ಮೇಲೆ ಒಂದು ಸಲ ಬಾಯಿಗೆ ಬರಲಿಲ್ಲ. ಅವನಿಗೆ ಆ ಸತ್ತ ಮನುಷ್ಯನ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಅದರ ಹಿಂದೆಯೇ ಸಂತೋಷವೂ ಬಂತು, ತಡೆಯಲಾಗಲಿಲ್ಲ. ಕಣ್ಣಿಗೆ ಧೂಳು ಬಿತ್ತೆಂದು ಒರೆಸಿಕೊಂಡ. ಕಚೇರಿಯಲ್ಲಿ ಧೂಳಿಗೇನೂ ಬರವಿರಲಿಲ್ಲ.

"ಕಾರಣ ಏನಂತ ಹಾಕ್ಲಿ?" ಮೇಡಂ ಕೇಳಿದರು. "ಭಾವನೆ ನಡೆಯಲ್ಲ ಅಂತ ನೀವೇ ಬರೆದಿದೀರ."

"ನಾನು ಬರೆದ ಕಟ್ಟಡ ಅದೊಂದೇ," ಎಂದ ನೋಟೀಸಣ್ಣ. "ಇದನ್ನ ಕಾರಣ ಅಂತ ತಗೊಂಡ್ರೆ ತಗೊಳ್ಳಿ. ಇಲ್ದಿದ್ರೆ ಆ ಸಾಲು ತೆಗೆದುಹಾಕಿ."

ಮೇಡಂ ಸ್ವಲ್ಪ ಹೊತ್ತು ಕೀಲಿಗಳನ್ನು ಒತ್ತಿದರು. ಒತ್ತಿದ್ದನ್ನು ಎಲ್ಲರಿಗೂ ಕೇಳುವಂತೆ ಓದಿದರು: ಈ ವಾಚನಾಲಯವನ್ನು ಕಲ್ಪಿಸಿ ನಕ್ಷೆ ಬರೆದವರು ನಮ್ಮ ಮೇಲ್ವಿಚಾರಕರು, ಅದಕ್ಕೇ ಇಡಲಾಗಿದೆ.

ನೋಟೀಸಣ್ಣ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತ.

"ಇನ್ನೊಂದ್ಸಲ ಓದಮ್ಮ," ಎಂದ. "ಏನಾದ್ರೂ ತಪ್ಪಿದ್ರೆ ತಿದ್ದೋಣ."