ಹೋಗಿ ಬರುವ ಬೈಕಾರ್ಬನೇಟ್

ದೆಹಲಿಯ ಮೆಡಿಕಲ್ ಕಾಲೇಜು ಸೇರಿದ ಮೊದಲ ವರ್ಷವೇ ನಾನು ಫಿಸಿಯಾಲಜಿಯ ಮೌಖಿಕ ಪರೀಕ್ಷೆ, ವೈವಾದಲ್ಲಿ ಡುಮ್ಕಿ ಹೊಡೆದೆ. ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಹೇಗೆ ಸಾಗುತ್ತದೆ ಎಂದು ಕೇಳಿದ್ದಕ್ಕೆ, ಆಮ್ಲಜನಕದ ಹಾಗೇ ಹಿಮೋಗ್ಲೋಬಿನ್ನಿನ ಕಬ್ಬಿಣಕ್ಕೆ ಅಂಟಿಕೊಂಡು ಎಂದಿದ್ದೆ. ಸಾಲದ್ದಕ್ಕೆ, ಎದ್ದು ಬರುವಾಗ ಪರೀಕ್ಷಕರಿಗೆ, “ಸರ್, ಮೈಂ ಜಾಕೆ ಆತೀ ಹೂಂ” ಎಂದೆ. ನನ್ನದು ಮೈಸೂರಿನ ನಾಲಗೆ. ‘ಹೋಗಿ ಬರ್ತೀನಿ’ ಅನ್ನದೆ ಹೊಸ್ತಿಲು ದಾಟಿ ಗೊತ್ತಿಲ್ಲ. ಹಿಂದಿಯಲ್ಲಿ ಅದು, ಇರಿ, ಈಗಲೇ ವಾಪಸ್ ಬಂದೆ ಎಂದಾಗುತ್ತದೆ. ಫಲಿತಾಂಶ ಬಂದಾಗ ಗೆಳತಿಯರು, “ನೀನೇ ಬರ್ತೀನಿ ಅಂದಿದ್ಯಲ್ಲ” ಎಂದು ಗೋಳು ಹೊಯ್ದುಕೊಂಡರು.

ಮರುಪರೀಕ್ಷೆಯಲ್ಲೂ ಫೇಲಾದರೆ ಅವರು ಆಸ್ಪತ್ರೆಯ ವಾರ್ಡುಗಳಿಗೆ ಹೋಗುತ್ತಿದ್ದರು, ನಾನು ಜೂನಿಯರ್‌ಗಳ ಜೊತೆ ಮತ್ತೆ ಅದೇ ಬೆಂಚಿನಲ್ಲಿ ಕೂರಬೇಕಿತ್ತು. ಮರುಪರೀಕ್ಷೆಯ ಬೆಳಗ್ಗೆ ಮುನಿರ್ಕಾ ಬಡಾವಣೆಯ ಚಿಕ್ಕಮ್ಮನ ಮನೆಯಿಂದ ಹೊರಡುವಾಗ, ಹಳೆಯ ಅಪಶಕುನ ಬೇಡವೆಂದು, “ಹೋಗ್ತೀನಿ” ಎಂದೆ.

“ಬಿಡ್ತು ಅನ್ನು! ಹೋಗಿ ಬರ್ತೀನಿ ಅನ್ನೇ” ಎಂದು ಚಿಕ್ಕಮ್ಮ ಗದರಿದರು. ಅನ್ನಿಸಿಯೇ ಕಳಿಸಿದರು.

ಅದೇ ಕಿಟಕಿಯಿಲ್ಲದ ಕೋಣೆ, ಅದೇ ಸ್ಟೂಲು, ಅದೇ ಪರೀಕ್ಷಕರು. ಪ್ರಶ್ನೆಯೂ ಅದೇ. ಬಾಗಿಲು ನನ್ನ ಬೆನ್ನ ಹಿಂದೆ ಮುಚ್ಚಿಕೊಂಡಿತು.

ಈ ಸಲ ಬಾಯಿಪಾಠವಾಗಿತ್ತು. ಸ್ವಲ್ಪ ಹಾಗೇ ಕರಗಿ ಹೋಗುತ್ತದೆ. ಸ್ವಲ್ಪ ಹಿಮೋಗ್ಲೋಬಿನ್ನಿನ ಪ್ರೋಟೀನ್ ಭಾಗವಾದ ಗ್ಲೋಬಿನ್ನಿನ ಅಮೈನೋ ಗುಂಪುಗಳಿಗೆ ಅಂಟಿ ಕಾರ್ಬಮೈನೋ ಸಂಯುಕ್ತ ಆಗುತ್ತದೆ, ಕಬ್ಬಿಣಕ್ಕಲ್ಲ. ಬಹುಪಾಲು ಕೆಂಪು ಕಣದೊಳಗೆ ನೀರಿನೊಂದಿಗೆ ಸೇರಿ ಬೈಕಾರ್ಬನೇಟ್ ಆಗುತ್ತದೆ, ಜೊತೆಗೆ ಹುಟ್ಟುವ ಹೈಡ್ರೋಜನ್ ಅಯಾನನ್ನು ಹಿಮೋಗ್ಲೋಬಿನ್ ಹಿಡಿದಿಟ್ಟುಕೊಳ್ಳುತ್ತದೆ. ಆ ಬೈಕಾರ್ಬನೇಟ್ ಕಣದ ಹೊರಗಿನ ದ್ರವವಾದ ಪ್ಲಾಸ್ಮಾಕ್ಕೆ ಹೊರಬೀಳುತ್ತದೆ, ವಿದ್ಯುದಂಶದ ಲೆಕ್ಕ ತಪ್ಪದಂತೆ ಅದರ ಜಾಗಕ್ಕೆ ಕ್ಲೋರೈಡ್ ಒಳಬರುತ್ತದೆ. ಇದೇ ಕ್ಲೋರೈಡ್ ಶಿಫ್ಟ್.

“ಅಚ್ಛಾ. ಇದು ಅಂಗಾಂಶದಲ್ಲಿ. ಶ್ವಾಸಕೋಶದಲ್ಲಿ?”

ನನ್ನ ಬಾಯಿಪಾಠ ಅಲ್ಲಿಗೇ ಮುಗಿದಿತ್ತು. ಬೈಕಾರ್ಬನೇಟನ್ನು ಹೊರಗೆ ಕಳಿಸಿ ಕದ ಹಾಕಿಕೊಂಡಿದ್ದೆ. ಉಸಿರಲ್ಲಿ ಹೊರಬೀಳುವುದು ಕಾರ್ಬನ್ ಡೈಆಕ್ಸೈಡ್ ತಾನೆ, ಇದು ಮತ್ತೆ ಅದಾಗುವುದು ಹೇಗೆ? ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ಸತ್ತೆ ಎಂದುಕೊಂಡೆ. ಬೆಳಗ್ಗೆ ಚಿಕ್ಕಮ್ಮ ಗದರಿದ್ದು ಕಿವಿಯಲ್ಲಿತ್ತು. ಹೋಗಿದ್ದು ಬರಬೇಕಲ್ಲ!

“ವಾಪಸ್ ಬರುತ್ತೆ ಸರ್!” ಎಂದು ಕೂಗಿಯೇಬಿಟ್ಟೆ. ಬೈಕಾರ್ಬನೇಟ್ ಕಣದೊಳಗೆ ಮರಳುತ್ತದೆ, ಕ್ಲೋರೈಡ್ ಹೊರಗೆ ಹೋಗುತ್ತದೆ. ಆಮ್ಲಜನಕ ಸೇರಿದ ಹಿಮೋಗ್ಲೋಬಿನ್ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುತ್ತದೆ, ಅದರೊಂದಿಗೆ ಸೇರಿ ಬೈಕಾರ್ಬನೇಟ್ ಮತ್ತೆ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಕಾರ್ಬಮೈನೋ ಕೂಡ ತನ್ನ ಪಾಲನ್ನು ಬಿಡುತ್ತದೆ. ಎಲ್ಲ ಉಸಿರಲ್ಲಿ ಹೊರಗೆ.

ಅವರು ತಲೆಯಾಡಿಸಿ, ಹೋಗು ಎಂಬಂತೆ ಕೈ ತೋರಿದರು. ಮುಖ ನೋಡಿ ಏನೂ ತಿಳಿಯಲಿಲ್ಲ. ಬಾಗಿಲಲ್ಲಿ ಹಾಳು ನಾಲಗೆ ಮತ್ತೆ ಜಾರಿತು: “ಸರ್, ಮೈಂ ಜಾಕೆ ಆತೀ ಹೂಂ.”

ಅವರು ಮೊದಲ ಸಲ ನಕ್ಕರು. “ನಹೀಂ ಬೇಟಾ,” ಎಂದರು, “ಅಬ್ ಮತ್ ಆನಾ.” ಇನ್ನು ಮತ್ತೆ ಬರಬೇಡ, ಅಂತ.